ಪದಚರ್ಚೆ: ಹಳೆಯ ನಷ್ಟದ ಮೇಲಿನ ತೆರಿಗೆ ಆಸ್ತಿ ‘ವಸೂಲಾಗುತ್ತದೆ’ ಎನ್ನಬಹುದೇ?

ಮಾನ್ಯರೇ,

ನಾನು ಬೆಂಗಳೂರಿನ ಒಂದು ಸಣ್ಣ ಲೆಕ್ಕಪರಿಶೋಧನಾ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಕುಟುಂಬದ ಕಂಪನಿಯೊಂದರ 2023-24ರ ಲೆಕ್ಕವನ್ನು ನಾವು ಪರಿಶೋಧಿಸಿದೆವು. ಆ ಕಂಪನಿಗೆ 2019-20ರಲ್ಲಿ ತೆರಿಗೆ ಲೆಕ್ಕದ ಪ್ರಕಾರ, ಸವಕಳಿಯನ್ನು ಬಿಟ್ಟು, 4 ಕೋಟಿ ರೂಪಾಯಿ ವ್ಯಾಪಾರ ನಷ್ಟವಾಗಿತ್ತು. ಮುಂದೆ ಲಾಭ ಬಂದಾಗ ಈ ನಷ್ಟವನ್ನು ಅದರಲ್ಲಿ ಕಳೆದುಕೊಂಡು ಅಷ್ಟರ ಮಟ್ಟಿಗೆ ತೆರಿಗೆ ಉಳಿಸಬಹುದು ಎಂಬ ಕಾರಣಕ್ಕೆ, ಶೇ 25.168ರ ದರದಲ್ಲಿ ಸುಮಾರು 1 ಕೋಟಿ 67 ಸಾವಿರ ರೂಪಾಯಿಯನ್ನು ಕಂಪನಿಯವರು ಅಢಾವೆ ಪತ್ರಿಕೆಯ ಕರಡಿನಲ್ಲಿ ಆಸ್ತಿಯ ಕಡೆ ‘ಮುಂದೂಡಿದ ತೆರಿಗೆ’, ಅಂದರೆ ಡಿಫರ್ಡ್ ಟ್ಯಾಕ್ಸ್, ಎಂದು ತೋರಿಸಿದ್ದರು. ಅದರ ಹೆಚ್ಚಿನ ಭಾಗವನ್ನು ನಾವು ಒಪ್ಪಲಿಲ್ಲ.

ಷೇರುದಾರರಲ್ಲಿ ಎಲ್ಲರಿಗಿಂತ ಹಿರಿಯರಾದವರು ಕಾರಣವನ್ನು ಕನ್ನಡದಲ್ಲೇ ಬರೆದುಕೊಡಬೇಕೆಂದು ಕೇಳಿದರು. ನಾನು ‘ಈ ಆಸ್ತಿಯ ವಸೂಲಾತಿ ಬಹುತೇಕ ಖಚಿತವಾಗಿಲ್ಲ’ ಎಂದು ಬರೆದೆ. ಅದನ್ನು ಓದಿ ಅವರು ಕೇಳಿದ್ದು ಎರಡು ಪ್ರಶ್ನೆ: “ಯಾರಿಂದ ವಸೂಲು ಮಾಡಬೇಕಮ್ಮ? ಇಲಾಖೆಗೆ ನೋಟಿಸ್ ಕೊಟ್ಟಿದ್ದೀರಾ?” ತಪ್ಪು ನನ್ನ ಪದದ್ದು ಎಂದು ಆಗಲೇ ತಿಳಿಯಿತು. ‘ವಸೂಲಾತಿ’, ‘ಬಹುತೇಕ ಖಚಿತ’ ಈ ಎರಡಕ್ಕೂ ಸರಿಯಾದ ಮಾತು ಯಾವುದು? ‘ತಾತ್ಕಾಲಿಕ ವ್ಯತ್ಯಾಸ’ ಎಂಬ ಪದವನ್ನೂ ಅದೇ ಟಿಪ್ಪಣಿಯಲ್ಲಿ ಬಳಸಿದ್ದೇನೆ. ಅದರ ಬಗ್ಗೆಯೂ ತಿಳಿದವರು ಹೇಳಬೇಕು.

— ಪ್ರಶ್ನೆ ಕೇಳಿದವಳು, ಬೆಂಗಳೂರು

*

ಆ ಹಿರಿಯರು ಸರಿಯಾಗಿಯೇ ಕೇಳಿದ್ದಾರೆ. ವಸೂಲಿ ಎಂದರೆ ಇನ್ನೊಬ್ಬರು ಕೊಡಬೇಕಾದದ್ದನ್ನು ಅವರಿಂದ ಪಡೆದುಕೊಳ್ಳುವುದು. ಸಾಲ ವಸೂಲಿ, ಬಾಡಿಗೆ ವಸೂಲಿ, ಕಂದಾಯ ವಸೂಲಿ, ಎಲ್ಲದರಲ್ಲೂ ಎದುರಿಗೆ ಒಬ್ಬ ಬಾಕಿದಾರ ಇದ್ದೇ ಇರುತ್ತಾನೆ. ನೀವು ವಿವರಿಸಿದಂತೆ ಇಲ್ಲಿ ಯಾರೂ ಬಾಕಿ ಇಲ್ಲ. ಮುಂದೊಂದು ದಿನ ಲಾಭ ಬಂದರೆ ಮಾತ್ರ ಹಳೆಯ ನಷ್ಟ ನಮಗೆ ಉಪಯೋಗಕ್ಕೆ ಬರುತ್ತದೆ, ಬಾರದಿದ್ದರೆ ಕೈತಪ್ಪುತ್ತದೆ. ಇದಕ್ಕೆ ಕನ್ನಡದಲ್ಲಿ ‘ದಕ್ಕು’ ಎಂಬ ಒಳ್ಳೆಯ ಕ್ರಿಯಾಪದವಿದೆ. ‘ಬೆಳೆದದ್ದು ದಕ್ಕಲಿಲ್ಲ’, ‘ಆಸ್ತಿ ಅವನಿಗೆ ದಕ್ಕಿತು’ ಎನ್ನುತ್ತೇವೆ. ಇದ್ದದ್ದು ಕೊನೆಗೂ ನಮ್ಮದಾಗಿ ಉಳಿಯಿತೇ ಎಂಬ ಪ್ರಶ್ನೆ ಆ ಪದದಲ್ಲೇ ಇದೆ.

— ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು

*

ಮೇಡಂ, ಮುಂದೂಡಿದ ತೆರಿಗೆ ಎಂದರೆ ಇಲಾಖೆಯವರು ಕಂತು ಮಾಡಿಕೊಡುವುದಲ್ಲವೇ? ನಮ್ಮ ಅಣ್ಣನ ಅಕ್ಕಿ ಗಿರಣಿಗೆ ಹಳೆಯ ಬಾಕಿಯನ್ನು ಆರು ಕಂತಿನಲ್ಲಿ ಕಟ್ಟಲು ಅನುಮತಿ ಸಿಕ್ಕಿತ್ತು. ಹಾಗಿದ್ದರೆ ಅದು ಕಂಪನಿಯ ಸಾಲವಾಗುತ್ತದೆ. ಆಸ್ತಿ ಹೇಗಾಯಿತು ಎಂದು ನನಗೂ ತಿಳಿಯಲಿಲ್ಲ.

— ದಾವಣಗೆರೆಯಿಂದ ಒಬ್ಬ ಓದುಗ

*

ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತಿದ್ದ ಕಾಲದಲ್ಲಿ, ಕಂಪನಿಯ ನಿವ್ವಳ ಸಂಪತ್ತನ್ನು ಲೆಕ್ಕ ಹಾಕುವಾಗ ನಾವು ಈ ಡಿಫರ್ಡ್ ಟ್ಯಾಕ್ಸ್ ಆಸ್ತಿಯನ್ನು ಕಳೆದುಬಿಡುತ್ತಿದ್ದೆವು. ಮಾರಿ ಹಣ ಮಾಡಿಕೊಳ್ಳಲಾಗದ ಆಸ್ತಿಯನ್ನು ‘ತೋರಿಕೆಯ ಆಸ್ತಿ’ ಎಂದರೇ ಸಾಕು ಎಂಬುದು ನನ್ನ ಅಭಿಪ್ರಾಯ. ಆದರೆ ‘ಬಹುತೇಕ ಖಚಿತ’ ಎಂಬ ಮಾತಿನಲ್ಲಿ ತಪ್ಪೇನೂ ಕಾಣುವುದಿಲ್ಲ. ಕಂಪನಿ ಐದು ವರ್ಷದ ಲಾಭದ ಅಂದಾಜು ಕೊಟ್ಟು, ಬ್ಯಾಂಕು ಅದನ್ನು ಒಪ್ಪಿ ಸಾಲ ಮಂಜೂರು ಮಾಡಿದ್ದರೆ, ಲಾಭ ಬಹುತೇಕ ಖಚಿತ ಎಂದಲ್ಲವೇ ಅರ್ಥ?

— ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

*

ಮೊದಲು ದಾವಣಗೆರೆಯವರ ಸಂಶಯ. ಇಲ್ಲಿ ಯಾರೂ ಯಾರಿಗೂ ಕಂತು ಕೊಟ್ಟಿಲ್ಲ. ಕಂಪನಿಯ ಪುಸ್ತಕದಲ್ಲಿ ಒಂದು ಯಂತ್ರದ ಬೆಲೆಯನ್ನು 15 ವರ್ಷಗಳ ಮೇಲೆ ಸಮನಾಗಿ ಹಂಚಿ ಸವಕಳಿ ಬರೆಯಬಹುದು. ಆದಾಯ ತೆರಿಗೆಯವರು ಉಳಿದ ಬೆಲೆಯ ಮೇಲೆ ಪ್ರತಿ ವರ್ಷ ಶೇ 15ರಂತೆ ಬಿಡುತ್ತಾರೆ. ಆದ್ದರಿಂದ ಮೊದಲ ವರ್ಷಗಳಲ್ಲಿ ತೆರಿಗೆ ಲೆಕ್ಕದ ಸವಕಳಿ ಹೆಚ್ಚು, ಕಟ್ಟುವ ತೆರಿಗೆ ಕಡಿಮೆ. ನಂತರದ ವರ್ಷಗಳಲ್ಲಿ ಅದು ತಿರುಗುತ್ತದೆ. ಈಗ ಉಳಿದದ್ದನ್ನು ಮುಂದೆ ಕಟ್ಟಬೇಕಾದ್ದರಿಂದ ಅದು ಹೊಣೆ. ಹಳೆಯ ನಷ್ಟದಲ್ಲಿ ಇದು ತಲೆಕೆಳಗು: ಮುಂದೆ ಕಟ್ಟಬೇಕಾದ ತೆರಿಗೆ ಕಡಿಮೆಯಾಗುವುದರಿಂದ ಆಸ್ತಿ.

ಇಂಥ ಕಂಪನಿಗೆ ಅನ್ವಯಿಸುವ 22ನೆಯ ಲೆಕ್ಕಪತ್ರ ಮಾನಕ ಮಾತನಾಡುವುದು ಆದಾಯ ಅಥವಾ ಖರ್ಚು ಎರಡು ಲೆಕ್ಕಗಳಲ್ಲಿ ಬೇರೆ ಬೇರೆ ವರ್ಷಕ್ಕೆ ಬೀಳುವುದರ ಬಗ್ಗೆ. ಅದಕ್ಕೆ ‘ಕಾಲವ್ಯತ್ಯಾಸ’ ಎಂಬುದೇ ಸರಿ. ದೊಡ್ಡ ಮತ್ತು ಲಿಸ್ಟೆಡ್ ಕಂಪನಿಗಳಿಗೆ ಅನ್ವಯಿಸುವ ಇಂಡ್-ಎಎಸ್ 12 ಆಸ್ತಿ ಮತ್ತು ಹೊಣೆಗಳ ಪುಸ್ತಕದ ಮೌಲ್ಯವನ್ನು ಅವುಗಳ ತೆರಿಗೆ ಮೌಲ್ಯದೊಂದಿಗೆ ಹೋಲಿಸುತ್ತದೆ; ‘ತಾತ್ಕಾಲಿಕ ವ್ಯತ್ಯಾಸ’ ಅಲ್ಲಿನ ಪದ. ಎರಡನ್ನೂ ಬೆರೆಸಿದರೆ ಓದುವವರು ಯಾವ ಮಾನಕವನ್ನು ನೋಡಬೇಕೆಂದು ತಿಳಿಯದೆ ಹೋಗುತ್ತಾರೆ.

ಶಿವಮೊಗ್ಗದ ಸರ್ ಅವರು ಹೇಳಿದ್ದರಲ್ಲಿ ಬ್ಯಾಂಕಿನ ರೂಢಿ ನಿಜ. ಆದರೆ ಅಂದಾಜಿನ ವಿಷಯದಲ್ಲಿ ಮಾನಕ ಅವರ ಮಾತಿಗೆ ನೇರ ವಿರುದ್ಧವಾಗಿದೆ. ಹಿಂದಿನ ನಷ್ಟದ ಮೇಲಿನ ತೆರಿಗೆ ಆಸ್ತಿಗೆ ಅದು ಅತ್ಯಂತ ಎತ್ತರದ ಖಚಿತತೆಯನ್ನು ಕೇಳುತ್ತದೆ, ಅದನ್ನು ಮನವೊಪ್ಪುವ ಸಾಕ್ಷ್ಯ ಬೆಂಬಲಿಸಬೇಕು ಎನ್ನುತ್ತದೆ. ಸಾಲ ಕೊಡುವ ಸಂಸ್ಥೆ ಒಪ್ಪಿಕೊಂಡ ಲಾಭದ ಅಂದಾಜು ಕೂಡ ಒಂಟಿಯಾಗಿ ಅಂಥ ಸಾಕ್ಷ್ಯವಾಗದು ಎಂದು ಅದರ ವಿವರಣೆಯಲ್ಲೇ ಇದೆ. ರದ್ದು ಮಾಡಿದರೆ ಭಾರಿ ಪರಿಹಾರ ಕೊಡಬೇಕಾಗುವ, ಕಟ್ಟುಪಾಡಿನ ರಫ್ತು ಆದೇಶವನ್ನು ಮನವೊಪ್ಪುವ ಸಾಕ್ಷ್ಯಕ್ಕೆ ಉದಾಹರಣೆಯಾಗಿ ಕೊಟ್ಟಿದ್ದಾರೆ. ಹೀಗಿರುವಾಗ ‘ಬಹುತೇಕ ಖಚಿತ’ ಎಂದರೆ ಆ ಮಟ್ಟ ಕೆಳಗಿಳಿಯುತ್ತದೆ. ನಮ್ಮ ಆಡುಮಾತಿನಲ್ಲಿ ‘ಬಹುತೇಕ’ ಎಂದ ಕೂಡಲೇ ‘ಆಗದಿದ್ದರೂ ಆಶ್ಚರ್ಯವಿಲ್ಲ’ ಎಂಬ ಎಡೆ ಉಳಿದುಬಿಡುತ್ತದೆ.

ಪ್ರಶ್ನೆ ಕೇಳಿದವರಲ್ಲಿ ನನ್ನ ಮರುಪ್ರಶ್ನೆ. ನಷ್ಟವಾದ ವರ್ಷದ ರಿಟರ್ನ್ ಗಡುವಿನೊಳಗೆ ಸಲ್ಲಿಕೆಯಾಗಿತ್ತೇ? ಆಗಿಲ್ಲದಿದ್ದರೆ ವ್ಯಾಪಾರ ನಷ್ಟವನ್ನು ಮುಂದಕ್ಕೆ ಒಯ್ಯುವ ಹಕ್ಕೇ ಇಲ್ಲ, ಉಳಿದ ಚರ್ಚೆ ಅನಗತ್ಯ. ಆ ಹಕ್ಕು ಕಳೆಯುವಂತೆ ಷೇರುಗಳು ಕೈ ಬದಲಾಗಿವೆಯೇ? ಲಾಭದ ಅಂದಾಜನ್ನು ಯಾವುದರೊಂದಿಗೆ ಹೋಲಿಸಿದಿರಿ?

— ಲೆಕ್ಕಪರಿಶೋಧಕ, ಮಂಗಳೂರು

*

ಸರ್, ನಾವು ನೋಡಿದ್ದನ್ನು ಹೇಳುತ್ತೇನೆ.

ಆ ವರ್ಷ ಕಂಪನಿಗಳ ರಿಟರ್ನ್‌ಗೆ ಗಡುವನ್ನು 2021ರ ಫೆಬ್ರುವರಿ 15ರವರೆಗೆ ವಿಸ್ತರಿಸಿದ್ದರು. ಸ್ವೀಕೃತಿ ಪತ್ರದ ದಿನಾಂಕ ಅದಕ್ಕಿಂತ ಮುಂಚಿನದು. ಷೇರುಗಳು ಹಿರಿಯರಿಂದ ಮಕ್ಕಳಿಗೆ ದಾನಪತ್ರದ ಮೂಲಕ ಹೋಗಿವೆ, ಹತ್ತಿರದ ಸಂಬಂಧಿಕರಿಗೆ ಕೊಟ್ಟ ದಾನಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ವ್ಯಾಪಾರ ನಷ್ಟವನ್ನು ಎಂಟು ಕರನಿರ್ಧಾರಣಾ ವರ್ಷ ಮಾತ್ರ ಒಯ್ಯಬಹುದಾದ್ದರಿಂದ, 2027-28ರ ಲಾಭವೇ ಇದಕ್ಕೆ ಸಿಗುವ ಕೊನೆಯ ಲಾಭ. ಲೆಕ್ಕ ಮುಗಿದ ದಿನಕ್ಕೆ ಉಳಿದಿದ್ದದ್ದು ನಾಲ್ಕೇ ವರ್ಷ.

ಅಂದಾಜಿನ ಹಾಳೆಯಲ್ಲಿ ಮಾರಾಟ ವರ್ಷಕ್ಕೆ ಶೇ 18ರಂತೆ ಏರುತ್ತಿತ್ತು. ಹಿಂದಿನ ಮೂರು ವರ್ಷದಲ್ಲಿ ಏರಿಕೆ ಶೇ 4, 6 ಮತ್ತು 3. ಅದೇ ಕಂಪನಿ ಅದೇ ತಿಂಗಳು ಹೊಸ ಲೇತ್ ಯಂತ್ರದ ಖರೀದಿಗೆಂದು ಸಿದ್ಧಪಡಿಸಿದ್ದ ಇನ್ನೊಂದು ಹಾಳೆಯಲ್ಲಿ ಶೇ 9 ಎಂದಿತ್ತು. ಕೇಳಿದಾಗ, ಜರ್ಮನಿಯ ಗ್ರಾಹಕರಿಂದ ಮೂರು ವರ್ಷದ ಆದೇಶ ಬಂದಿದೆ ಎಂದು ಒಪ್ಪಂದವನ್ನೇ ತಂದುಕೊಟ್ಟರು. ಮೊದಲ ಪುಟಗಳನ್ನು ಓದುವಾಗ ನನಗೂ ಸಾಕ್ಷ್ಯ ಸಿಕ್ಕಿತೆನಿಸಿತ್ತು. 11ನೆಯ ಷರತ್ತಿನಲ್ಲಿ, ಖರೀದಿದಾರರು 30 ದಿನಗಳ ನೋಟಿಸ್ ಕೊಟ್ಟು, ಯಾವ ಪರಿಹಾರವನ್ನೂ ಕೊಡದೆ ಆದೇಶವನ್ನು ನಿಲ್ಲಿಸಬಹುದು ಎಂದಿತ್ತು. ಮೂರು ವರ್ಷದ ಆದೇಶ ಅಲ್ಲಿಗೆ ಒಂದು ತಿಂಗಳ ಆದೇಶವಾಯಿತು.

ಹಾಗೆಂದು ಎಲ್ಲವನ್ನೂ ತೆಗೆದುಹಾಕಿಸಲಿಲ್ಲ. ಸವಕಳಿಯ ಕಾಲವ್ಯತ್ಯಾಸ 1 ಕೋಟಿ 40 ಲಕ್ಷ ಇತ್ತು. ಅದರಲ್ಲಿ 90 ಲಕ್ಷ 2027-28ರೊಳಗೆ ತಿರುಗಿ ತೆರಿಗೆಗೆ ಒಳಪಡುವ ಆದಾಯವಾಗುತ್ತದೆ ಎಂದು ಯಂತ್ರವಾರು ಪಟ್ಟಿಯಿಂದ ತಿಳಿಯಿತು. ಉಳಿದ 50 ಲಕ್ಷ ತಿರುಗುವ ಹೊತ್ತಿಗೆ ನಷ್ಟದ ಅವಧಿ ಮುಗಿದಿರುತ್ತದೆ. ಆ 90 ಲಕ್ಷಕ್ಕೆ ಸರಿದೂಗುವ ಸುಮಾರು 22 ಲಕ್ಷ 65 ಸಾವಿರವನ್ನು ಉಳಿಸಿ, ಮಿಕ್ಕ 78 ಲಕ್ಷದಷ್ಟನ್ನು ತೆಗೆಸಿದೆವು.

— ಪ್ರಶ್ನೆ ಕೇಳಿದವಳು

*

ನಾನು ಪುಣೆಯಲ್ಲಿ ಲಿಸ್ಟೆಡ್ ಕಂಪನಿಯೊಂದರ ಲೆಕ್ಕವಿಭಾಗದಲ್ಲಿದ್ದೇನೆ. ನಮಗೆ ಇಂಡ್-ಎಎಸ್ ಅನ್ವಯಿಸುವುದರಿಂದ ಲಾಭ ಬರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಆದರೂ ಇತ್ತೀಚೆಗೆ ಸಾಲು ಸಾಲಾಗಿ ನಷ್ಟವಾಗಿದ್ದರೆ ನಮ್ಮ ಆಡಿಟರ್‌ ಕೂಡ ಮನವೊಪ್ಪುವ ಬೇರೆ ಸಾಕ್ಷ್ಯ ಕೇಳುತ್ತಾರೆ. ಆದ್ದರಿಂದ ‘ಸಂಭಾವ್ಯ’ ಎಂಬ ಪದ ನಮಗಿರಲಿ, ಅದನ್ನು ನೀವು ಬಳಸಬೇಡಿ. ‘ತೋರಿಕೆಯ ಆಸ್ತಿ’ ಎಂಬುದನ್ನು ಮಾತ್ರ ಒಪ್ಪಲಾರೆ. ಉಳಿಸಿಕೊಂಡ ಆ 22 ಲಕ್ಷದಲ್ಲಿ ತೋರಿಕೆ ಏನೂ ಇಲ್ಲ.

— ಪುಣೆಯಿಂದ

*

‘ತೋರಿಕೆ’ಯನ್ನು ಹಿಂತೆಗೆದುಕೊಳ್ಳುತ್ತೇನೆ. ನಷ್ಟಕ್ಕೆ ಅವಧಿ ಇದೆಯೆಂಬುದು ಗೊತ್ತಿತ್ತು. ಹೊಣೆ ತಿರುಗುವ ವರ್ಷವನ್ನು ಆ ಅವಧಿಗೆ ಹೊಂದಿಸಿ ನೋಡಬೇಕೆಂಬುದು ನನಗೆ ಹೊಳೆದಿರಲಿಲ್ಲ.

— ಶಿವಮೊಗ್ಗದಿಂದ

*

ಆ ಖಚಿತತೆಗೆ ‘ಖಚಿತವೆಂದೇ ಹೇಳಬಹುದಾದಷ್ಟು’ ಎಂದು ಬರೆಯಬಹುದು. ಉದ್ದವಾಯಿತು, ಆದರೆ ‘ಬಹುತೇಕ’ದ ಸಡಿಲು ಇದರಲ್ಲಿಲ್ಲ. ಒಂದೇ ಪದ ಬೇಕೆಂದರೆ ‘ನಿಶ್ಚಿತಪ್ರಾಯ’ ಎನ್ನಬಹುದಾದರೂ, ಹಿರಿಯರು ಮತ್ತೆ ನಿಮ್ಮನ್ನು ಕರೆದು ಅರ್ಥ ಕೇಳಬೇಕಾದೀತು.

— ಮೈಸೂರಿನಿಂದ

*

‘ಪ್ರಾಯ’ ಎಂದರೂ ‘ಹೆಚ್ಚುಕಡಿಮೆ’ ಎಂದೇ ಆಗುತ್ತದಲ್ಲ, ‘ಬಹುತೇಕ’ಕ್ಕಿಂತ ಅದು ಹೇಗೆ ಬಿಗಿ? ವಿವರಣೆಯ ಸಾಲಿಗೆ ನಿಮ್ಮ ಉದ್ದದ ರೂಪ ಸರಿ. ಟಿಪ್ಪಣಿಯ ತಲೆಬರಹಕ್ಕೆ ಇನ್ನೂ ಪದ ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ.

— ಮಂಗಳೂರಿನಿಂದ

*

ಎಲ್ಲರಿಗೂ ವಂದನೆಗಳು. ಹಿರಿಯರಿಗೆ ಕಳುಹಿಸಿದ ಸಾಲುಗಳು ಹೀಗಿವೆ: ‘2019-20ರ ನಷ್ಟದಿಂದ ಮುಂದೆ ಉಳಿಯಬಹುದಾದ ತೆರಿಗೆಯಲ್ಲಿ 22 ಲಕ್ಷ 65 ಸಾವಿರ ರೂಪಾಯಿ, ಸವಕಳಿಯ ಕಾಲವ್ಯತ್ಯಾಸ 2027-28ರೊಳಗೆ ತಿರುಗುವುದರಿಂದ, ಕಂಪನಿಗೆ ದಕ್ಕುತ್ತದೆ. ಉಳಿದದ್ದು ದಕ್ಕುವುದು ಖಚಿತವೆಂದೇ ಹೇಳಬಹುದಾದಷ್ಟು ಸಾಕ್ಷ್ಯ ನಮಗೆ ಸಿಗಲಿಲ್ಲ. ಜರ್ಮನಿಯ ಆದೇಶವನ್ನು ಗ್ರಾಹಕರು ಒಂದು ತಿಂಗಳ ನೋಟಿಸ್‌ನಲ್ಲಿ ನಿಲ್ಲಿಸಬಹುದು.’ ಅವರು ಓದಿ, ಈ ಬಾರಿ ಪದಗಳ ಬಗ್ಗೆ ಏನೂ ಕೇಳಲಿಲ್ಲ. 11ನೆಯ ಷರತ್ತಿನ ಪ್ರತಿಯನ್ನು ಕೇಳಿದರು.

ತಲೆಬರಹದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಯಾರಿಗಾದರೂ ಪದ ಹೊಳೆದರೆ ಇಲ್ಲೇ ಬರೆಯಿರಿ.

— ಪ್ರಶ್ನೆ ಕೇಳಿದವಳು, ಬೆಂಗಳೂರು