‘ನನಗೆ ಇಬ್ಬರು ತಂಗಿಯರು ಇದೆ’: ಕ್ರಿಯಾಪದ ಯಾರ ಮಾತು ಕೇಳುತ್ತೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹಿಂದಿ ಮನೆಮಾತಿನವರಿಗೆ ಸಂಜೆ ಹೊತ್ತು ಕನ್ನಡ ಹೇಳಿಕೊಡುತ್ತೇನೆ. ಒಬ್ಬ ವಿದ್ಯಾರ್ಥಿನಿಯ ನೋಟ್‌ಬುಕ್ಕಿನಲ್ಲಿ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಬರುತ್ತಿದೆ. ಅವರಿಗೆ ಬರೆದ ಪತ್ರ ಕೆಳಗಿದೆ. ಅದರ ಕೊನೆಯ ವಾಕ್ಯದ ಬಗ್ಗೆ ಮಾತ್ರ ನನಗೆ ಅನುಮಾನ. ದಯವಿಟ್ಟು ನೋಡಿ ಹೇಳಿ.

“ನೀವು ಬರೆದದ್ದು: ‘ನನಗೆ ಇಬ್ಬರು ತಂಗಿಯರು ಇದೆ.’ ಎರಡು ಪುಟ ಆದ ಮೇಲೆ, ‘ನನಗೆ ತುಂಬ ಹಸಿವಾಗಿದ್ದೇನೆ.’ ಎರಡೂ ಬೇರೆ ಬೇರೆ ತಪ್ಪು ಅನ್ನಿಸಬಹುದು, ಆದರೆ ಬೇರು ಒಂದೇ. ಮೊದಲನೆಯದರಲ್ಲಿ ‘ನನಗೆ ಕೆಲಸ ಇದೆ’ ಅಂತ ಬಾಯಿಪಾಠ ಆಗಿದ್ದು ಹಾಗೇ ಬಂದುಬಿಟ್ಟಿದೆ. ಎರಡನೆಯದರಲ್ಲಿ ‘ನನಗೆ’ ಅನ್ನುವುದನ್ನೇ ‘ನಾನು’ ಅಂದುಕೊಂಡಿದ್ದೀರಿ.

‘ಗೆ’, ‘ಕ್ಕೆ’ ಹತ್ತಿದ ಪದದ ಕಡೆ ಕ್ರಿಯಾಪದ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಆ ಪದವನ್ನು ಬೆರಳಿನಿಂದ ಮುಚ್ಚಿ. ಉಳಿದದ್ದರಲ್ಲಿ ಯಾರು ಇದ್ದಾರೆ, ಏನು ಆಗಿದೆ ಅಂತ ಕೇಳಿ. ತಂಗಿಯರು ಇದ್ದಾರೆ. ಹಸಿವು ಆಗಿದೆ. ಈಗ ಬೆರಳು ತೆಗೆದರೆ ‘ನನಗೆ ಇಬ್ಬರು ತಂಗಿಯರು ಇದ್ದಾರೆ’, ‘ನನಗೆ ತುಂಬ ಹಸಿವಾಗಿದೆ.’ ನಿಮ್ಮ ಹಿಂದಿಯೂ ಇದನ್ನೇ ಮಾಡುತ್ತೆ. ಗಂಡಸರು ಕೂಡ ‘ಮುಝೇ ಭೂಖ್ ಲಗೀ ಹೈ’ ಅಂತಲೇ ಹೇಳುತ್ತಾರೆ, ಅಲ್ವಾ? ಆ ‘ಲಗೀ’ ಹಸಿವಿನದು, ಹಸಿದವನದಲ್ಲ. ‘ಇಷ್ಟ’ವೂ ಹೀಗೇ. ನನಗೆ ಅವನು ಇಷ್ಟ ಆದ, ಅವಳು ಇಷ್ಟ ಆದಳು, ಆ ಸೀರೆ ಇಷ್ಟ ಆಯಿತು.

ಹಿಂದಿ ಎಲ್ಲ ಕಡೆಯೂ ಕೈ ಹಿಡಿಯುವುದಿಲ್ಲ. ‘ಬಸ್ಸು ಹೋದಳು’ ಅಂತ ಬರೆದಿದ್ದೀರಿ. ಹಿಂದಿಯಲ್ಲಿ ಬಸ್ಸು ಹೆಣ್ಣು, ಕನ್ನಡದಲ್ಲಿ ಅದು ಬರೀ ವಸ್ತು. ‘ಬಸ್ಸು ಹೋಯಿತು.’

ಇನ್ನು ‘ಮಗು ಅಳುತ್ತಿದ್ದಾನೆ’, ‘ಮಕ್ಕಳು ಆಡುತ್ತಿವೆ.’ ಇಲ್ಲಿ ನಿಮ್ಮ ಗೊಂದಲ ನ್ಯಾಯವಾದದ್ದು. ಗಂಡಾಗಲಿ ಹೆಣ್ಣಾಗಲಿ ‘ಮಗು ಅಳುತ್ತಿದೆ’ ಅಂತಲೇ ಹೇಳಬೇಕು, ನಾಯಿ ಬೆಕ್ಕಿನ ಹಾಗೆ. ಅದೇ ಮಗು ಇನ್ನೊಂದರ ಜೊತೆ ಸೇರಿ ‘ಮಕ್ಕಳು’ ಆದರೆ ಮನುಷ್ಯರ ಸಾಲಿಗೆ ಬರುತ್ತೆ, ‘ಆಡುತ್ತಿದ್ದಾರೆ.’ ‘ಎರಡು ಮಕ್ಕಳು’ ಅಂತ ಬೀದಿಯಲ್ಲಿ ಕೇಳಿರುತ್ತೀರಿ. ಹಾಗೆ ಅನ್ನುವವರೂ ಸಾಮಾನ್ಯವಾಗಿ ‘ಎರಡು ಮಕ್ಕಳು ಇದೆ’ ಅನ್ನುವುದಿಲ್ಲ, ‘ಇದ್ದಾರೆ’ ಅಂತ ಮುಗಿಸುತ್ತಾರೆ. ಕಿವಿಗೊಟ್ಟು ಕೇಳಿ.

‘ಅಜ್ಜಿಯೂ ನಾಯಿಯೂ ಜಗುಲಿಯ ಮೇಲೆ ಕೂತಿದ್ದರು’ ಅನ್ನುವ ನಿಮ್ಮ ವಾಕ್ಯ ಸರಿಯಾಗಿದೆ.”

ನನ್ನ ಪ್ರಶ್ನೆ ಇದೇ: ಅದು ಸರಿಯಾಗಿದೆಯಾ? ಅಜ್ಜಿ ಮನುಷ್ಯರು, ನಾಯಿ ಅಲ್ಲ. ಇಬ್ಬರಿಗೂ ಸೇರಿ ‘ಕೂತಿದ್ದರು’ ಅನ್ನಬಹುದಾ?

ಮೊದಲ ಉತ್ತರ

ಮೇಡಂ, ಇಷ್ಟು ಉದ್ದ ಯಾಕೆ? ‘ನನಗೆ’ ಬಂದರೆ ಕೊನೆಗೆ ‘ಇದೆ’ ಅಥವಾ ‘ಆಗಿದೆ’ ಹಾಕಿ ಅಂತ ಹೇಳಿಬಿಡಿ. ನನಗೆ ಜ್ವರ ಇದೆ, ಸುಸ್ತಾಗಿದೆ, ಗೊತ್ತಿದೆ. ಕಲಿಯುವವರಿಗೆ ಸುಲಭ ಆಗುತ್ತೆ.

ಎರಡನೆಯ ಉತ್ತರ

ನಾನು ಶಿರಸಿ ಕಡೆಯವಳು. ನಮ್ಮ ಹವ್ಯಕರ ಮನೆಗಳಲ್ಲಿ ‘ಆಯಿ ಬಂತು’, ‘ಅಕ್ಕ ಬಂತು’ ಅಂತಲೇ ಮಾತು. ಅದರಲ್ಲಿ ಅಗೌರವ ಎಳ್ಳಷ್ಟೂ ಇಲ್ಲ, ಪ್ರೀತಿಯೇ ಇರುತ್ತೆ. ಶಾಲೆಯ ಪ್ರಬಂಧದಲ್ಲಿ ನಾನು ಹಾಗೇ ಬರೆದು ಕೆಂಪು ಗೆರೆ ಎಳೆಸಿಕೊಂಡಿದ್ದೆ. ಇವತ್ತಿಗೂ ಅದು ನನಗೆ ನೋವು. ನಿಮ್ಮ ವಿದ್ಯಾರ್ಥಿನಿ ನಮ್ಮೂರಿಗೆ ಬಂದು ಇದನ್ನು ಕೇಳಿದರೆ ತಪ್ಪು ಅಂದುಕೊಳ್ಳಬಾರದು. ಪತ್ರದಲ್ಲಿ ಇದಕ್ಕೂ ಒಂದು ಸಾಲು ಸೇರಿಸಿ.

ಮೂರನೆಯ ಉತ್ತರ

ಮೊದಲ ಉತ್ತರದವರಿಗೆ: ಜ್ವರ, ಸುಸ್ತು ಇರುವ ತನಕ ನಿಮ್ಮ ಸೂತ್ರ ನಡೆಯುತ್ತೆ. ತಂಗಿಯರು ಬಂದ ಕೂಡಲೇ ಕೈಕೊಡುತ್ತೆ. ಆ ಹುಡುಗಿಯ ಮೊದಲ ತಪ್ಪು ಹುಟ್ಟಿದ್ದೇ ಅಲ್ಲಿ.

ಮೇಡಂ, ನೀವು ತೆಗೆದುಕೊಂಡ ವಾಕ್ಯ ತೊಡಕನ್ನು ಮುಚ್ಚಿಡುತ್ತಿದೆ. ಅಜ್ಜಿ ಒಬ್ಬರೇ ಇದ್ದರೂ ಮರ್ಯಾದೆಗೆ ‘ಕೂತಿದ್ದರು’ ಅಂತಲೇ ಬರೆಯುತ್ತೇವೆ. ಅದಕ್ಕೇ ನಾಯಿ ಸೇರಿದ್ದು ಕಿವಿಗೆ ತಾಗುವುದಿಲ್ಲ. ಅಜ್ಜಿಯ ಜಾಗಕ್ಕೆ ಹುಡುಗನನ್ನು ತನ್ನಿ: ‘ಹುಡುಗನೂ ನಾಯಿಯೂ ಓಡಿದರು.’ ನನಗೆ ಇದು ಒಪ್ಪುತ್ತೆ, ಕಥೆಯಲ್ಲಂತೂ ಚೆನ್ನಾಗಿಯೇ ಇರುತ್ತೆ. ‘ಓಡಿದವು’ ಅಂದರೆ ಹುಡುಗನನ್ನು ಪ್ರಾಣಿಗಳ ಗುಂಪಿಗೆ ಸೇರಿಸಿದ ಹಾಗಾಗುತ್ತೆ. ಆದರೆ ನಾಯಿಯ ಬದಲು ಚೆಂಡು ಇಡಿ. ‘ಹುಡುಗನೂ ಚೆಂಡೂ ಚರಂಡಿಗೆ ಬಿದ್ದರು’ ಅಂತ ಬರೆಯಲು ನನ್ನ ಕೈ ಏಳುವುದಿಲ್ಲ. ‘ಬಿದ್ದವು’ ಅನ್ನಲೂ ಆಗುವುದಿಲ್ಲ. ಅಂಥ ಕಡೆ ವಾಕ್ಯವನ್ನೇ ತಿರುಗಿಸುತ್ತೇವೆ: ‘ಚೆಂಡಿನ ಜೊತೆ ಹುಡುಗನೂ ಬಿದ್ದ.’

ಮತ್ತೆ ನಾನು

‘ಅಜ್ಜಿ’ ನನ್ನ ಕಣ್ಣು ತಪ್ಪಿಸಿದ್ದು ನಿಜ. ಪತ್ರದಲ್ಲಿ ಹುಡುಗನ ವಾಕ್ಯವನ್ನೇ ಹಾಕುತ್ತೇನೆ. ಶಿರಸಿಯವರ ಸಾಲನ್ನೂ ಸೇರಿಸುತ್ತೇನೆ. ಆದರೆ ಮನೆಯಲ್ಲಿ ಓದಿ ಹೇಳಿದಾಗ ನಮ್ಮ ಅತ್ತೆ ‘ಓಡಿದರು’ ಒಪ್ಪಲಿಲ್ಲ. ‘ನಾಯಿ ಎಲ್ಲಿಯಾದರೂ ಓಡಿದರು ಆಗುತ್ತಾ? ಹುಡುಗ ಓಡಿದ, ನಾಯಿಯೂ ಓಡಿತು ಅಂತ ಬಿಡಿಸಿ ಬರಿ’ ಅಂದರು. ನಿಮ್ಮ ನಿಮ್ಮ ಕಡೆ ಹೇಗೆ ಹೇಳುತ್ತೀರಿ?