ಸ್ಕ್ರಬ್ ಟೈಫಸ್ ಟೆಸ್ಟ್ ನೆಗೆಟಿವ್, ಆದ್ರೂ ಡಾಕ್ಸಿಸೈಕ್ಲಿನ್ ಯಾಕೆ?

ಕೇಳಿದವರು: ಅಪ್ಪಂಗೆ ಐದು ದಿನದಿಂದ ಜ್ವರ, ವಿಪರೀತ ತಲೆನೋವು. ಡೆಂಗ್ಯೂ, ಮಲೇರಿಯಾ ಇಲ್ಲ, ಪ್ಲೇಟ್‌ಲೆಟ್ 80 ಸಾವಿರ. ಸ್ಕ್ರಬ್ ಟೈಫಸ್ ಟೆಸ್ಟೂ ನೆಗೆಟಿವ್, ಆದ್ರೂ ಡಾಕ್ಟ್ರು ಡಾಕ್ಸಿಸೈಕ್ಲಿನ್ ಶುರು ಮಾಡಿದಾರೆ. ರೋಗ ಯಾವ್ದು ಅಂತ ಗೊತ್ತಾಗ್ದೆ ಆಂಟಿಬಯೋಟಿಕ್ ಕೊಡಬಹುದಾ? ಅನುಭವ ಇರೋರು ಹೇಳಿ.

ಹಿತ್ತಲಮನೆ: ಸ್ಕ್ರಬ್ ಆದ್ರೆ ಹುಳ ಕಚ್ಚಿದ ಜಾಗದಲ್ಲಿ ಕಪ್ಪು ಗಾಯ ಇರಲೇಬೇಕು. ನಮ್ಮತ್ತೆಗೆ ಸೊಂಟದಲ್ಲಿ ಸೀರೆ ಬಿಗಿಯೋ ಜಾಗದಲ್ಲಿ ಸಿಗರೇಟಲ್ಲಿ ಸುಟ್ಟ ಹಾಗೆ ಕಪ್ಪು ಹಕ್ಕಳೆ ಇತ್ತು, ಸುತ್ತ ಕೆಂಪು. ಅದಿಲ್ಲ ಅಂದ್ರೆ ಬೇರೆ ಏನೋ.

ಸಂಜೆಮಲ್ಲಿಗೆ: ಟೈಫಾಯ್ಡ್ ತಾನೆ? ನಂಗೆ ಇಂಜೆಕ್ಷನ್ನಲ್ಲೇ ವಾಸಿ ಆಯ್ತು, ಡಾಕ್ಸಿ ಬೇಕಾಗ್ಲೇ ಇಲ್ಲ.

ವಾರ್ಡ್ ಡಾಕ್ಟ್ರು: ಟೈಫಾಯ್ಡ್ ಬೇರೆ, ಟೈಫಸ್ ಬೇರೆ ಅಕ್ಕ. ಆ ಗೊಂದಲದಲ್ಲೇ ದಿನ ಹೋಗೋದು. ನಮ್ಮ ವಾರ್ಡಲ್ಲಿ ಒಬ್ರಿಗೆ ಟೈಫಾಯ್ಡ್ ಅಂತ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ನಡೀತಿತ್ತು, ಜ್ವರ ಒಂಚೂರೂ ಇಳೀಲಿಲ್ಲ, ಯಾಕಂದ್ರೆ ಇದ್ದದ್ದು ಸ್ಕ್ರಬ್ ಟೈಫಸ್, ಅದರ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೇ ಬೆಳೆಯುತ್ತೆ, ಆ ಗುಂಪಿನ ಔಷಧಿ ಅದರ ಮೇಲೆ ಕೆಲ್ಸ ಮಾಡಲ್ಲ. ಮೈ ಒರೆಸುವಾಗ ನರ್ಸ್‌ಗೆ ಸ್ತನದ ಕೆಳಗಿನ ಮಡಿಕೆಯಲ್ಲಿ ಗಾಯ ಕಾಣಿಸ್ತು. ಕಪ್ಪಗಿರ್ಲಿಲ್ಲ, ಒದ್ದೆ ಜಾಗ ಆದ್ರಿಂದ ಹಕ್ಕಳೆ ಕಟ್ಟದೆ ಹಳದಿ ತಳದ ಸಣ್ಣ ಹುಣ್ಣಷ್ಟೇ. ನೋವು, ತುರಿಕೆ ಏನೂ ಇಲ್ಲ, ಆಕೆಗೆ ಗೊತ್ತೇ ಇರ್ಲಿಲ್ಲ. ಡಾಕ್ಸಿ 100 ಮಿಲಿಗ್ರಾಂ ದಿನಕ್ಕೆರಡು ಸಲ ಕೊಟ್ವಿ, ಮಾರನೇ ದಿನ ಸಂಜೆಗೆ ಜ್ವರ ಇಳೀತು. ಹಿತ್ತಲಮನೆಯವ್ರೆ, ಗಾಯ ಸಿಕ್ಕಿದ್ರೆ ಒಳ್ಳೇ ಸುಳಿವು, ಆದ್ರೆ ಎಷ್ಟೋ ಜನಕ್ಕೆ ಸಿಗೋದೇ ಇಲ್ಲ.

ಟೆಸ್ಟ್ ವಿಷ್ಯ: ಅದು ಹುಡುಕೋದು ಮೈ ತಯಾರಿಸೋ ಆಂಟಿಬಾಡಿನ, ಮೊದಲ ವಾರ ಅದು ಸಾಕಷ್ಟು ಇರಲ್ಲ, ಹಾಗಾಗಿ ಐದನೇ ದಿನದ ನೆಗೆಟಿವ್ ನಂಬಿ ಕೂತ್ರೆ ಅಷ್ಟ್ರಲ್ಲಿ ರೋಗ ಶ್ವಾಸಕೋಶ, ಮೆದುಳಿಗೆ ಹೋಗಬಹುದು. ಉಣ್ಣಿಯಿಂದ ಬರೋ ಸ್ಪಾಟೆಡ್ ಫೀವರ್‌ಗೂ ಇದೇ ಮಾತ್ರೆ, ಅದರಲ್ಲಿ ಅಂಗೈ ಅಂಗಾಲಲ್ಲೂ ಕೆಂಪು ದದ್ದು ಬರಬಹುದು.

ಕೇಳಿದವರು: ಕಂಕುಳು, ತೊಡೆಸಂದಿ, ಕಿವಿ ಹಿಂದೆ ಎಲ್ಲಾ ನೋಡಿದ್ವಿ, ಏನೂ ಇಲ್ಲ. ನಿನ್ನೆ ರಾತ್ರಿ ಮೊದಲ ಮಾತ್ರೆ, ಈಗ್ಲೂ 102 ಇದೆ.

ವಾರ್ಡ್ ಡಾಕ್ಟ್ರು: ತಲೆಕೂದಲ ಒಳಗೆ, ಜನನಾಂಗದ ಹತ್ರನೂ ನೋಡಿ, ಅದು ನಾಚಿಕೆಗೆ ತಪ್ಪಿಹೋಗೋ ಜಾಗ. 48 ಗಂಟೆ ಕಾಯಿರಿ, ಸ್ಕ್ರಬ್ ಆದ್ರೆ ಸಾಮಾನ್ಯವಾಗಿ ಅಷ್ಟ್ರಲ್ಲಿ ಇಳಿಯುತ್ತೆ. ಇಳೀದಿದ್ರೆ ಇಲಿಜ್ವರನೋ ಇನ್ನೇನೋ ಅಂತ ಮತ್ತೆ ಹುಡುಕಬೇಕು. ಉಸಿರು ಕಟ್ಟಿದ್ರೆ, ಮಾತು ತಪ್ಪಿದ್ರೆ ಮಾತ್ರ ಕಾಯಬೇಡಿ, ಅಡ್ಮಿಟ್ ಮಾಡಿ.

ಹಿತ್ತಲಮನೆ: ಅತ್ತೆಗೆ ಮಾತ್ರೆ ನುಂಗಿ ಹಾಗೇ ಮಲಗಿ ಎದೆ ಉರಿದು ಊಟ ಇಳೀದಂಗೆ ಆಗಿತ್ತು. ದೊಡ್ಡ ಲೋಟ ನೀರು ಕುಡಿಸಿ, ಅರ್ಧ ಗಂಟೆ ಕೂರಿಸಿ. ಗಾಯ ಇಲ್ದೆ ಸ್ಕ್ರಬ್ ಅನ್ನೋದು ನಂಗಿನ್ನೂ ಅನುಮಾನನೇ.