ಬೇಸನ್ ಲಾಡು: ಒಂದು ಉಂಡೆಯ ಮ್ಯಾಕ್ರೊ ಲೆಕ್ಕ ಎರಡು ದಾರಿಯಲ್ಲಿ ಎರಡು ಥರ ಬರುತ್ತಿದೆ

ಲೆಕ್ಕದಪುಸ್ತಕ:
ನಮ್ಮ ಅಣ್ಣನಿಗೆ ಸಕ್ಕರೆ ಕಾಯಿಲೆ ಇರುವುದರಿಂದ, ಒಂದು ಲಾಡು ತಿಂದರೆ ಎಷ್ಟು ಕಾರ್ಬ್ ಒಳಗೆ ಹೋಗುತ್ತದೆ ಎಂಬುದನ್ನು ನಾನು ಸರಿಯಾಗಿ ತಿಳಿದುಕೊಳ್ಳಬೇಕಾಗಿದೆ. ಕಡಲೆ ಹಿಟ್ಟು 500, ತುಪ್ಪ 250, ಸಕ್ಕರೆ ಪುಡಿ 300 ಹಾಕಿದ್ದೇನೆ. ಒಟ್ಟು 1050 ಆದ್ದರಿಂದ 35 ಗ್ರಾಂನ 30 ಉಂಡೆ ಬರಬೇಕಿತ್ತು, ಆದರೆ ಪ್ರತಿಯೊಂದನ್ನೂ ತೂಗಿ ಕಟ್ಟಿದರೂ 28 ಮಾತ್ರ ಬಂದವು. 30ರಿಂದ ಭಾಗಿಸಿದರೆ ಉಂಡೆಗೆ ಸುಮಾರು 178 ಕ್ಯಾಲೊರಿ, 28ರಿಂದ ಭಾಗಿಸಿದರೆ 191. ಇವೆರಡರಲ್ಲಿ ಯಾವುದನ್ನು ನಂಬಬೇಕು? ಸಂಜೆಯೆಲ್ಲ ಇದರಲ್ಲೇ ಕಳೆದು ತಲೆ ಕೆಟ್ಟುಹೋಗಿದೆ.

ಬಾಣಲೆಭಟ್ಟ:
ಕಾರಣ ಸ್ಪಷ್ಟವಾಗಿದೆ. ಹಿಟ್ಟನ್ನು ಹುರಿದಾಗ ಅದರ ಸಾರವೂ ಒಂದಷ್ಟು ಹೋಗುತ್ತದೆ. ನೀವು ಆಪಿನಲ್ಲಿ ಹಸಿ ಕಡಲೆ ಹಿಟ್ಟಿನ ಅಂಕಿಗಳನ್ನು ತೆಗೆದುಕೊಂಡಿರಬೇಕು. ಹುರಿದ ಹಿಟ್ಟಿನ ಅಂಕಿಗಳನ್ನು ಹಾಕಿ ನೋಡಿ, ಲೆಕ್ಕ ಸರಿಹೋಗುತ್ತದೆ.

ತಕ್ಕಡಿ:
ಭಟ್ಟರೇ, ಹುರಿದಾಗ ತೂಕ ಇಳಿಯುತ್ತದೆ ಎನ್ನುವಷ್ಟು ಮಟ್ಟಿಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಇಳಿಯುವುದು ಬಹುಮಟ್ಟಿಗೆ ನೀರು. ಕಡಲೆ ಹಿಟ್ಟಿನ ತೂಕದಲ್ಲಿ ಸುಮಾರು ಹತ್ತನೆಯ ಒಂದು ಭಾಗ ತೇವಾಂಶವೇ ಆಗಿದ್ದು, ಘಮ ಬಂದು ಬಣ್ಣ ತಿರುಗುವ ಹೊತ್ತಿಗೆ ಅದರ ದೊಡ್ಡ ಪಾಲು ಆವಿಯಾಗಿರುತ್ತದೆ. ಹಿಟ್ಟು ಕಪ್ಪಾಗುವಂತೆ ಸೀದು ಹೋಗದಿದ್ದರೆ ಪ್ರೋಟೀನ್, ಕೊಬ್ಬು, ಕಾರ್ಬ್‌ಗಳ ಒಟ್ಟು ಮೊತ್ತ ಲೆಕ್ಕಕ್ಕೆ ಬರುವಷ್ಟು ಬದಲಾಗುವುದಿಲ್ಲ. ಹಸಿ ಹಿಟ್ಟನ್ನು ತೂಗಿದ್ದರೆ ಹಸಿ ಹಿಟ್ಟಿನ ಅಂಕಿಯನ್ನೇ ಬಳಸಬೇಕು. ಹಸಿ ತೂಕಕ್ಕೆ ಹುರಿದ ಹಿಟ್ಟಿನ ಅಂಕಿ ಹಾಕಿದರೆ ಇಲ್ಲದ ಪ್ರೋಟೀನನ್ನು ಎಣಿಸಿದಂತಾಗುತ್ತದೆ.

ಲೆಕ್ಕದಪುಸ್ತಕ ಅವರೇ, ತುಪ್ಪ 250 ಎಂದು ಬರೆದಿದ್ದೀರಿ. ಗ್ರಾಮೋ, ಮಿಲಿಯೋ?

ಹುಬ್ಬಳ್ಳಿಮಂದಿ:
ನಮ್ಮಲ್ಲಿ ಬೇಸನ ಉಂಡಿಗೆ ತುಸು ದಪ್ಪನೆಯ ಹಿಟ್ಟನ್ನೇ ಬಳಸುತ್ತೇವೆ, ಅದು ತುಪ್ಪವನ್ನು ಹಿಡಿಯುವ ರೀತಿಯೇ ಬೇರೆ. ನಾನು ಸಕ್ಕರೆಯ ಬದಲು ಖರ್ಜೂರ ಹಾಕಿ ಕಟ್ಟುತ್ತೇನೆ. ನಿಮ್ಮ ಅಣ್ಣನವರಿಗೂ ಅದೇ ಒಳ್ಳೆಯದಲ್ಲವೇ?

ತಕ್ಕಡಿ:
ಖರ್ಜೂರದಲ್ಲಿಯೂ ಬಹುಪಾಲು ಸಕ್ಕರೆಯೇ ಇದೆ, ಆದ್ದರಿಂದ ಅದನ್ನೂ ಹೀಗೆಯೇ ತೂಗಿ ಎಣಿಸಬೇಕಾಗುತ್ತದೆ. ಅವರು ಕೇಳಿದ್ದು ಬದಲಿ ವಿಧಾನವನ್ನಲ್ಲ, ಭಾಗಾಕಾರವನ್ನು. ಮೊದಲು ತುಪ್ಪದ ಉತ್ತರ ಬರಲಿ.

ಲೆಕ್ಕದಪುಸ್ತಕ:
ತುಪ್ಪವನ್ನು ಕರಗಿಸಿ ಅಳತೆಯ ಜಗ್ಗಿನಲ್ಲಿ 250ರ ಗೆರೆಯವರೆಗೆ ಹಾಕಿದ್ದೆ. ಹಿಟ್ಟು ಮತ್ತು ಸಕ್ಕರೆಯನ್ನು ತಕ್ಕಡಿಯಲ್ಲಿಯೇ ತೂಗಿದ್ದೇನೆ.

ತಕ್ಕಡಿ:
ಹಾಗಾದರೆ ಅದು 250 ಮಿಲಿ. ತುಪ್ಪ ನೀರಿಗಿಂತ ಹಗುರ, ಒಂದು ಮಿಲಿಗೆ ಸುಮಾರು 0.91 ಗ್ರಾಂ ಮಾತ್ರ ತೂಗುತ್ತದೆ. ನೀವು ಹಾಕಿದ ತುಪ್ಪ ಸುಮಾರು 228 ಗ್ರಾಂ. ಕಾಣೆಯಾದ 70 ಗ್ರಾಂನಲ್ಲಿ 22 ಗ್ರಾಂ ಬಾಣಲೆಗೆ ಬಿದ್ದೇ ಇರಲಿಲ್ಲ.

ಈಗ ಮೊತ್ತವನ್ನು ಕೂಡಿಸೋಣ. ನೂರು ಗ್ರಾಂ ಕಡಲೆ ಹಿಟ್ಟಿಗೆ ಪ್ರೋಟೀನ್ 22.4, ಕೊಬ್ಬು 6.7, ನಾರೂ ಸೇರಿ ಕಾರ್ಬ್ 57.8 ಎಂದು ಹಿಡಿಯುತ್ತೇನೆ. ನಿಮ್ಮ ಪೊಟ್ಟಣದ ಮೇಲೆ ಬೇರೆ ಅಂಕಿ ಇದ್ದರೆ ಅದನ್ನೇ ಬಳಸಿ. 500 ಗ್ರಾಂ ಹಿಟ್ಟಿನಿಂದ ಪ್ರೋಟೀನ್ 112, ಕೊಬ್ಬು 33.5, ಕಾರ್ಬ್ 289 ಗ್ರಾಂ ಸಿಗುತ್ತದೆ. ತುಪ್ಪ ಹೆಚ್ಚುಕಡಿಮೆ ಪೂರ್ತಿ ಕೊಬ್ಬೇ, 228. ಸಕ್ಕರೆ ಪೂರ್ತಿ ಕಾರ್ಬ್, 300. ಎಲ್ಲ ಸೇರಿ ಪ್ರೋಟೀನ್ 112, ಕೊಬ್ಬು 261.5, ಕಾರ್ಬ್ 589 ಗ್ರಾಂ. ಪ್ರೋಟೀನ್ ಮತ್ತು ಕಾರ್ಬ್‌ಗೆ ಗ್ರಾಂಗೆ 4, ಕೊಬ್ಬಿಗೆ 9 ಎಂದು ಗುಣಿಸಿದರೆ ಸುಮಾರು 5157 ಕ್ಯಾಲೊರಿ. ಇದನ್ನು 28ರಿಂದ ಭಾಗಿಸಿದರೆ ಒಂದು ಉಂಡೆಗೆ 184 ಕ್ಯಾಲೊರಿ, ಪ್ರೋಟೀನ್ 4, ಕೊಬ್ಬು 9.3, ಕಾರ್ಬ್ 21 ಗ್ರಾಂ. ನಿಮ್ಮ 178 ಕಡಿಮೆ ಬಂದದ್ದು ಇಲ್ಲದ ಉಂಡೆಗಳಿಂದ ಭಾಗಿಸಿದ್ದಕ್ಕೆ, 191 ಹೆಚ್ಚು ಬಂದದ್ದು ಇಲ್ಲದ ತುಪ್ಪವನ್ನು ಕೂಡಿಸಿದ್ದಕ್ಕೆ.

ಬಾಣಲೆಭಟ್ಟ:
ಉಳಿದ 48 ಗ್ರಾಂ ಎಲ್ಲಿ ಹೋಯಿತು? ಅದು ಹುರಿಯುವಾಗ ಹೋದದ್ದೇ ತಾನೇ? ನಾನು ಮೊದಲಿನಿಂದಲೂ ಹೇಳುತ್ತಿರುವುದು ಇದನ್ನೇ. ಹುರಿದ ಹಿಟ್ಟಿನ ಅಂಕಿ ಹಾಕದೆ ಇದು ಬಗೆಹರಿಯುವುದಿಲ್ಲ.

ಪುಟಾಣಿಪ್ರಿಯ:
ನನ್ನ ಬಳಿ ಗ್ರಾಂನ ಹತ್ತನೆಯ ಒಂದು ಭಾಗದವರೆಗೆ ತೋರಿಸುವ ತಕ್ಕಡಿ ಇದೆ, ಹಾಳೆಯಲ್ಲಿ ಸೂತ್ರ ಬರೆದಿಟ್ಟಿದ್ದೇನೆ, ಹಿಟ್ಟಿನ ತೂಕ ಹಾಕಿದರೆ ಉಂಡೆಯ ಲೆಕ್ಕ ತಾನಾಗಿಯೇ ಬರುತ್ತದೆ. ಪುಟಾಣಿ ಹಿಟ್ಟಿನಲ್ಲಿ ಮಾಡಿದಾಗ ನನಗೆ ಇಷ್ಟೊಂದು ತೂಕ ಎಂದೂ ಇಳಿದಿಲ್ಲ. ನಿಮ್ಮ ಹಿಟ್ಟಿನಲ್ಲಿಯೇ ಏನೋ ದೋಷವಿರಬೇಕು.

ತಕ್ಕಡಿ:
ಪುಟಾಣಿ ಮೊದಲೇ ಹುರಿದ ಕಡಲೆ, ಅದರ ನೀರು ಅಂಗಡಿಗೆ ಬರುವ ಮೊದಲೇ ಹೋಗಿರುತ್ತದೆ. ಆದ್ದರಿಂದ ಅದನ್ನೂ ಹಸಿ ಕಡಲೆ ಹಿಟ್ಟನ್ನೂ ಹೋಲಿಸಲಾಗದು, ಆಪಿನಲ್ಲಿಯೂ ಎರಡನ್ನು ಬೇರೆಬೇರೆಯಾಗಿಯೇ ಆರಿಸಬೇಕು.

ಭಟ್ಟರೇ, ಆ 48 ಗ್ರಾಂನಲ್ಲಿ ಎರಡು ಬಗೆಯ ನಷ್ಟ ಸೇರಿದೆ, ನನಗೆ ಮುಖ್ಯವೆನಿಸುವುದು ಇದೇ. ಆವಿಯಾದ ನೀರು ಏನನ್ನೂ ಹೊತ್ತೊಯ್ಯುವುದಿಲ್ಲ, ಉಳಿದ ಹಿಟ್ಟು ಅಷ್ಟು ಸಾಂದ್ರವಾಗುತ್ತದೆ. ಬಾಣಲೆಗೆ, ಸೌಟಿಗೆ, ಕೈಗೆ ಅಂಟಿದ್ದು ಮಾತ್ರ ತನ್ನ ಪಾಲಿನ ಪ್ರೋಟೀನ್, ಕೊಬ್ಬು, ಕಾರ್ಬ್ ಎಲ್ಲವನ್ನೂ ಹೊತ್ತುಕೊಂಡೇ ಹೋಗುತ್ತದೆ. ಉದಾಹರಣೆಗೆ 14 ಗ್ರಾಂ ಅಂಟಿಕೊಂಡಿದ್ದರೆ ಮಿಶ್ರಣದ ನಿಜವಾದ ತೂಕ 980 ಅಲ್ಲ, 994. ಆಗ 35 ಗ್ರಾಂನ ಉಂಡೆಗೆ ಬರುವುದು ಸುಮಾರು 182 ಕ್ಯಾಲೊರಿ. ವ್ಯತ್ಯಾಸ ಸಣ್ಣದು, ಆದರೆ ಅದು ಊಹೆಯಿಂದ ಹೇಳುವ ಸಂಖ್ಯೆಯಲ್ಲ. ಮುಂದಿನ ಸಲ ಖಾಲಿ ಬಾಣಲೆಯನ್ನು ಸೌಟಿನೊಂದಿಗೆ ತೂಗಿ ಬರೆದುಕೊಳ್ಳಿ, ಸಕ್ಕರೆ ಬೆರೆಸಿದ ಮೇಲೆ ಕಟ್ಟುವ ಮೊದಲು ಮತ್ತೆ ತೂಗಿ. ಕಳೆದು ಉಳಿದ ತೂಕದಿಂದ ಒಟ್ಟು ಮೊತ್ತವನ್ನು ಭಾಗಿಸಿದರೆ ಒಂದು ಗ್ರಾಂನ ಅಂಕಿ ಸಿಗುತ್ತದೆ. ಆಮೇಲೆ ಉಂಡೆ ದೊಡ್ಡದಾದರೂ ಚಿಕ್ಕದಾದರೂ ಅದರ ತೂಕದಿಂದ ಗುಣಿಸಿದರೆ ಸಾಕು, ಎಷ್ಟು ಉಂಡೆ ಬಂದವು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಬಾಣಲೆಭಟ್ಟ:
ಎಷ್ಟು ನೀರು, ಎಷ್ಟು ಅಂಟು ಎಂಬುದು ತೂಗದೆ ಗೊತ್ತಾಗದು ಎಂಬುದನ್ನು ಒಪ್ಪುತ್ತೇನೆ. ಆದರೆ ಹುರಿದ ಮೇಲೆ ಹಿಟ್ಟನ್ನು ತೂಗುವವರು ಹುರಿದ ಹಿಟ್ಟಿನ ಅಂಕಿಯನ್ನೇ ಬಳಸಬೇಕಲ್ಲವೇ?

ತಕ್ಕಡಿ:
ಹೌದು, ಆಗ ಅದೇ ಸರಿ. ಆದರೆ ಬೇಸನ್ ಲಾಡಿನಲ್ಲಿ ಹಿಟ್ಟು ತುಪ್ಪದಲ್ಲಿಯೇ ಹುರಿಯುತ್ತದೆ, ಹುರಿದ ಮೇಲೆ ಅದನ್ನು ಪ್ರತ್ಯೇಕವಾಗಿ ತೂಗಲು ಆಗುವುದಿಲ್ಲ.

ಹುಬ್ಬಳ್ಳಿಮಂದಿ:
ಕಾರ್ಬ್ 21 ಎಂದಿರಿ. ಅದರಲ್ಲಿ ನಾರನ್ನು ಕಳೆಯಬೇಕೋ ಬೇಡವೋ? ಅವರಿಗೆ ಬೇಕಾಗಿರುವುದು ಅದೇ ಅಂಕಿ ಅಲ್ಲವೇ?

ತಕ್ಕಡಿ:
ಒಳ್ಳೆಯ ಪ್ರಶ್ನೆ. ಹಿಟ್ಟಿನ 289 ಗ್ರಾಂ ಕಾರ್ಬ್‌ನಲ್ಲಿ ನಾರು ಸುಮಾರು 54 ಗ್ರಾಂ, ಅಂದರೆ ಉಂಡೆಗೆ 2 ಗ್ರಾಂಗೆ ತುಸು ಕಡಿಮೆ. ಕಳೆದರೆ ಸುಮಾರು 19 ಉಳಿಯುತ್ತದೆ, ಅದರಲ್ಲಿ 10.7 ಗ್ರಾಂ ನೇರ ಸಕ್ಕರೆ. ಕಳೆದು ಎಣಿಸಬೇಕೋ ಕಳೆಯದೆಯೋ ಎಂಬುದನ್ನು ಅವರ ವೈದ್ಯರು ಹೇಳಿದಂತೆ ಮಾಡಲಿ. ಯಾವ ಪದ್ಧತಿಯಾದರೂ ಪ್ರತಿ ಸಲ ಅದೊಂದನ್ನೇ ಅನುಸರಿಸಬೇಕು.

ಲೆಕ್ಕದಪುಸ್ತಕ:
ತುಂಬ ಉಪಕಾರವಾಯಿತು. ಬಾಣಲೆಯನ್ನು ಆಗಲೇ ತೊಳೆದಾಗಿದೆ, ಆದ್ದರಿಂದ ಈ ಸಲ ಅಂಟಿದ್ದೆಷ್ಟು ಎಂದು ತಿಳಿಯುವಂತಿಲ್ಲ. ಒಂದು ಸಂದೇಹ ಉಳಿದಿದೆ: ಹಿಟ್ಟಿನ ಜೊತೆಗೆ ಒಂದು ಹಿಡಿ ಗೋಡಂಬಿಯನ್ನೂ ಹುರಿದು ಹಾಕಿದ್ದೆ, ಅದನ್ನೂ ಎಣಿಸಬೇಕೇ?

ತಕ್ಕಡಿ:
ಖಂಡಿತ ಎಣಿಸಬೇಕು, ಗೋಡಂಬಿಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕೊಬ್ಬೇ ಇರುತ್ತದೆ. ಅದು 980ರ ಒಳಗೇ ಸೇರಿರುವುದರಿಂದ ಮೇಲಿನ 48 ಗ್ರಾಂ ನಷ್ಟವೂ ಅಷ್ಟರಮಟ್ಟಿಗೆ ಹೆಚ್ಚಾಗುತ್ತದೆ, ಉಂಡೆಯ ಅಂಕಿಗಳೂ ಬದಲಾಗುತ್ತವೆ. ಅಂಥದೇ ಒಂದು ಹಿಡಿಯನ್ನು ತೂಗಿ ಎಷ್ಟು ಗ್ರಾಂ ಎಂದು ಬರೆಯಿರಿ, ಮತ್ತೆ ಕೂಡಿಸೋಣ.